ಹತ್ತು ರೋಗಿಗಳ ಅಂಕ ಮತ್ತು ಒಂದು ಪಿ ಮೌಲ್ಯ: ಪುಣೆಯಲ್ಲಿ ನರ್ಸಿಂಗ್ ಪ್ರಬಂಧ ಬರೆದ ಅನುಭವ

ಪುಣೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದ ಪ್ರಬಂಧ ಸಲ್ಲಿಸಿ, ಅದರ ಮೌಖಿಕ ಪರೀಕ್ಷೆಯನ್ನೂ ಮುಗಿಸಿ ಈಗಷ್ಟೇ ಬಿಡುವಾಗಿದ್ದೇನೆ. ಇನ್ಸುಲಿನ್ ಪೆನ್ನನ್ನು ತಾವೇ ಚುಚ್ಚಿಕೊಳ್ಳುವ ಮಧುಮೇಹಿಗಳಿಗೆ ಸರಿಯಾದ ವಿಧಾನವನ್ನು ಒಬ್ಬೊಬ್ಬರಿಗೇ ಕೂತು ಕಲಿಸಿದರೆ ಅವರ ಕೌಶಲದಲ್ಲಿ ಎಷ್ಟು ಬದಲಾವಣೆಯಾಗುತ್ತದೆ ಎಂಬುದು ನನ್ನ ವಿಷಯವಾಗಿತ್ತು. ರೋಗಿಗಳೊಡನೆ ಮಾಡಿದ ಕೆಲಸ ನನಗೆ ಕಷ್ಟವೆನಿಸಲಿಲ್ಲ. ವಾರ್ಡಿನಲ್ಲಿ ಹಲವು ವರ್ಷ ದುಡಿದವಳಿಗೆ ಅದು ದಿನನಿತ್ಯದ ಕೆಲಸ. ನನ್ನನ್ನು ನಿದ್ದೆಗೆಡಿಸಿದ್ದು ಸಂಖ್ಯಾಶಾಸ್ತ್ರದ ಅಧ್ಯಾಯ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಇಲ್ಲಿಗೆ ಓದಲು ಬಂದ ಎಷ್ಟೋ ಜನ ಸ್ಟಾಫ್ ನರ್ಸುಗಳು ಇದೇ ಅಧ್ಯಾಯದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ, ಅಂಕಿಗಳ ಸಮೇತ ಬರೆಯುತ್ತಿದ್ದೇನೆ. ಮುಖ್ಯ ಅಧ್ಯಯನದ ಅರವತ್ತು ಜನರ ಅಂಕಿಗಳನ್ನು ಬಿಟ್ಟು, ಅದಕ್ಕೂ ಮೊದಲು ಮಾಡಿದ ಪೈಲಟ್ ಅಧ್ಯಯನದ ಹತ್ತು ಜನರ ಅಂಕಿಗಳನ್ನೇ ಇಲ್ಲಿ ಬಳಸಿದ್ದೇನೆ. ಓದುವವರು ಕಾಗದ ಪೆನ್ನು ಹಿಡಿದು ತಾವೇ ಲೆಕ್ಕ ಮಾಡಿ ನೋಡಬಹುದು.

ಮೊದಲ ಕಾಯುವಿಕೆ ಎಥಿಕ್ಸ್ ಕಮಿಟಿಯದು. ಸಿನಾಪ್ಸಿಸ್, ಗೈಡ್ ಅವರ ಸಹಿ, ಆಸ್ಪತ್ರೆಯ ಮುಖ್ಯಸ್ಥರ ಅನುಮತಿ ಪತ್ರ, ತಜ್ಞರು ಪರಿಶೀಲಿಸಿಕೊಟ್ಟ ತಪಶೀಲು ಪಟ್ಟಿ, ಒಪ್ಪಿಗೆ ಪತ್ರ ಇವೆಲ್ಲವನ್ನೂ ಕೊಟ್ಟ ಮೇಲೂ ಒಂದು ಪ್ರಶ್ನೆ ಬಂತು. ನನ್ನ ಒಪ್ಪಿಗೆ ಪತ್ರ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಮಾತ್ರ ಇತ್ತು. ಆದರೆ ನಮ್ಮ ಒಪಿಡಿಗೆ ಬರುವವರಲ್ಲಿ ಕಟ್ಟಡ ಕೆಲಸಕ್ಕೆಂದು ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸರಿಯಲ್ಲ ಎಂದು ಕಮಿಟಿ ಹೇಳಿತು. ಆ ಮಾತು ನ್ಯಾಯವಾದದ್ದು. ಕನ್ನಡ ಅನುವಾದ, ಅದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿದ ಮರುಅನುವಾದ, ಇಬ್ಬರ ಪ್ರಮಾಣಪತ್ರ ಎಲ್ಲವೂ ಆಗುವಷ್ಟರಲ್ಲಿ ಮುಂದಿನ ಸಭೆಯ ದಿನ ಬಂದಿತ್ತು. ಇಲ್ಲಿ ಓದುವ ಕನ್ನಡಿಗರು ಕನ್ನಡದ ಪ್ರತಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡರೆ ಒಂದು ಸಭೆಯಷ್ಟು ಕಾಲ ಉಳಿಯುತ್ತದೆ.

ಅನುಮತಿ ಸಿಕ್ಕ ಮೇಲೆ ಕೆಲಸ ವೇಗವಾಗಿ ಸಾಗಿತು. ತಪಶೀಲು ಪಟ್ಟಿಯಲ್ಲಿ ಇಪ್ಪತ್ತು ಹಂತಗಳಿದ್ದವು: ಕೈ ತೊಳೆಯುವುದು, ಪೆನ್ನಿನ ಗಾಳಿ ತೆಗೆಯಲು ಎರಡು ಯೂನಿಟ್ ಹೊರಬಿಟ್ಟು ನೋಡುವುದು, ಹಿಂದಿನ ಸಲ ಚುಚ್ಚಿದ ಜಾಗದಿಂದ ಕನಿಷ್ಠ ಒಂದು ಬೆರಳಿನಷ್ಟು ದೂರ ಸರಿಯುವುದು, ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ಹೊರತೆಗೆಯುವುದು, ಇತ್ಯಾದಿ. ಸರಿಯಾಗಿ ಮಾಡಿದ ಪ್ರತಿ ಹಂತಕ್ಕೂ ಒಂದು ಅಂಕ. ಮೊದಲು ಅವರು ಮಾಡುವುದನ್ನು ನೋಡಿ ಅಂಕ ಕೊಟ್ಟೆ, ಆಮೇಲೆ ಫ್ಲಿಪ್ ಚಾರ್ಟ್ ಇಟ್ಟುಕೊಂಡು ಕಲಿಸಿದೆ, ಒಂದು ವಾರದ ನಂತರ ಒಪಿಡಿಗೆ ಮರಳಿ ಬಂದಾಗ ಮತ್ತೆ ಅಂಕ ಕೊಟ್ಟೆ.

ಅಂಕಗಳನ್ನು ಎಕ್ಸೆಲ್‌ನಲ್ಲಿ ತುಂಬಿಸುವ ಕೆಲಸವನ್ನು, ಡ್ಯೂಟಿಯ ಒತ್ತಡದಿಂದಾಗಿ, ಊರೊಳಗಿನ ಒಂದು ಟೈಪಿಂಗ್ ಅಂಗಡಿಗೆ ಕೊಟ್ಟಿದ್ದೆ. ಪುಟಕ್ಕೆ ಇಷ್ಟೆಂದು ದರ. ಫೈಲು ಮರುದಿನವೇ ಕೈಗೆ ಬಂತು. ಅದರಲ್ಲಿ ನಾನು ಮೊದಲು ತೆರೆದದ್ದು ರೋಗಿಗಳ ವಿವರದ ಹಾಳೆ.

ಆ ಹಾಳೆಯಲ್ಲಿ ಮಧುಮೇಹ ಪತ್ತೆಯಾಗಿ ಎಷ್ಟು ವರ್ಷವಾಯಿತು ಎಂಬ ಒಂದು ಕಾಲಂ ಇತ್ತು. ಏರಿಕೆಯ ಕ್ರಮದಲ್ಲಿ ಬರೆದರೆ ಹತ್ತು ಜನರ ವರ್ಷಗಳು ಹೀಗಿದ್ದವು: 1, 2, 2, 3, 3, 4, 5, 6, 8, 26. ಕೂಡಿಸಿದರೆ 60, ಹತ್ತರಿಂದ ಭಾಗಿಸಿದರೆ ಸರಾಸರಿ 6 ವರ್ಷ. ನಾನು ಕಂಡ ಹಳೆಯ ಪ್ರಬಂಧಗಳಲ್ಲಿ ಇಂಥ ಕಡೆ ಸರಾಸರಿ ಬರೆದು ಮುಂದೆ ಹೋಗಿರುತ್ತಾರೆ. ಆದರೆ ಈ ಹತ್ತು ಜನರಲ್ಲಿ ಆರು ವರ್ಷ ಮೀರಿದವರು ಇಬ್ಬರು ಮಾತ್ರ. ಏಳು ಜನ ಆರಕ್ಕಿಂತ ಕೆಳಗಿದ್ದಾರೆ. ಇಪ್ಪತ್ತಾರು ವರ್ಷದಿಂದ ಮಧುಮೇಹವಿರುವ ಒಬ್ಬರೇ ಸರಾಸರಿಯನ್ನು ತಮ್ಮ ಕಡೆಗೆ ಎಳೆದಿದ್ದಾರೆ. ಮಧ್ಯಾಂಕ ಹೀಗೆ ಎಳೆತಕ್ಕೆ ಸಿಗುವುದಿಲ್ಲ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರು ಐದನೆಯವರು ಮತ್ತು ಆರನೆಯವರು, ಅಂದರೆ 3 ಮತ್ತು 4. ಅವೆರಡರ ನಡುವಿನ 3.5 ವರ್ಷವೇ ಮಧ್ಯಾಂಕ. ಕೊನೆಯವರು 26ರ ಬದಲು 40 ವರ್ಷದ ರೋಗಿಯಾಗಿದ್ದರೂ ಮಧ್ಯಾಂಕ ಅಲುಗುತ್ತಿರಲಿಲ್ಲ.

ಪಟ್ಟಿ ಉದ್ದವಾಗಿದ್ದಾಗ ಪ್ರತಿಯೊಂದು ಅಂಕಿಯನ್ನೂ ಕಣ್ಣಾಡಿಸಿ ನೋಡುವುದು ಸಾಧ್ಯವಿಲ್ಲ. ಆಗ ಗುರುತು ಹಿಡಿಯುವ ದಾರಿಯನ್ನು ನನ್ನ ಗೈಡ್ ಮೇಡಂ ಹೇಳಿಕೊಟ್ಟರು. ಈ ವರ್ಷಗಳ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, 7.33 ಬರುತ್ತದೆ. ಸರಾಸರಿ 6ರಿಂದ 7.33 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮಧುಮೇಹದ ಅವಧಿ ಋಣ ಸಂಖ್ಯೆಯಾಗಿರಲು ಸಾಧ್ಯವೇ ಇಲ್ಲ. ಸೊನ್ನೆಗಿಂತ ಕೆಳಗಿಳಿಯಲಾರದ ಅಳತೆಯೊಂದರಲ್ಲಿ, ಅದು ಆಸ್ಪತ್ರೆಯಲ್ಲಿ ಕಳೆದ ದಿನಗಳಿರಲಿ, ಕಾಯ್ದ ನಿಮಿಷಗಳಿರಲಿ, ತಿಂಗಳ ಆದಾಯವಿರಲಿ, ಮಾನಕ ವಿಚಲನೆಯು ಸರಾಸರಿಯ ಅರ್ಧಕ್ಕಿಂತ ಹೆಚ್ಚಾಗಿದ್ದರೆ ಅಂಕಿಗಳು ಒಂದು ಕಡೆಗೆ ವಾಲಿವೆ ಎಂದು ಸಂಶಯಪಡಬೇಕು ಮತ್ತು ಮಧ್ಯಾಂಕವನ್ನು ಬರೆಯಬೇಕು. ಅದರ ಜೊತೆಗೆ ನಡುವಿನ ಅರ್ಧದಷ್ಟು ಜನ ಎಲ್ಲಿಂದ ಎಲ್ಲಿಯವರೆಗೆ ಹರಡಿದ್ದಾರೆ ಎಂಬುದನ್ನೂ ಕೊಡಬೇಕು. ನನ್ನ ಪಟ್ಟಿಯಲ್ಲಿ ಕೆಳಗಿನ ಐದು ಜನರ ನಡುವಿನ ಅಂಕಿ 2, ಮೇಲಿನ ಐದು ಜನರ ನಡುವಿನ ಅಂಕಿ 6. ಆದ್ದರಿಂದ ನಾನು ಬರೆದದ್ದು: ಮಧ್ಯಾಂಕ 3.5 ವರ್ಷ, ನಡುವಿನ ಅರ್ಧ ಜನ 2ರಿಂದ 6 ವರ್ಷ. ಎಕ್ಸೆಲ್‌ಗೆ ಇದೇ ಲೆಕ್ಕ ಕೊಟ್ಟರೆ ಅದು ಅಂಕಿಗಳ ನಡುವೆ ಭಾಗ ಮಾಡಿ 2.25 ಮತ್ತು 5.75 ತೋರಿಸಬಹುದು, ಎರಡು ವಿಧಾನಗಳ ನಡುವಿನ ಈ ಸಣ್ಣ ಅಂತರಕ್ಕೆ ಗಾಬರಿಯಾಗಬೇಕಿಲ್ಲ.

ಗೆಳತಿಯೊಬ್ಬಳು 26ನ್ನು ತೆಗೆದುಹಾಕಿಬಿಡು ಎಂದು ಸಲಹೆ ಕೊಟ್ಟಿದ್ದಳು. ನಾನು ಆ ರೋಗಿಯ ಕೇಸ್ ಪೇಪರ್ ತೆಗೆಸಿ ನೋಡಿದೆ. ಅದರಲ್ಲಿಯೂ ಇಪ್ಪತ್ತಾರೇ ಇತ್ತು. ಬರೆಯುವಾಗ 2 ಎಂಬುದು 26 ಆಗಿದ್ದರೆ ತಿದ್ದಬಹುದಿತ್ತು. ನಿಜವಾದ ರೋಗಿಯ ನಿಜವಾದ ಅಂಕಿಯನ್ನು ನಮ್ಮ ಕೋಷ್ಟಕ ಚೆಂದ ಕಾಣಲೆಂದು ಅಳಿಸುವ ಹಕ್ಕು ನಮಗಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ಅಂಕಗಳಿಗೆ ಬರುತ್ತೇನೆ. ಕಲಿಸುವ ಮೊದಲು ಹತ್ತು ಜನರು ಪಡೆದ ಅಂಕಗಳು ಕೋಡ್ ಸಂಖ್ಯೆಯ ಕ್ರಮದಲ್ಲಿ 8, 11, 6, 13, 9, 7, 12, 10, 5, 9. ಸರಾಸರಿ 9, ಮಧ್ಯಾಂಕವೂ 9. ಎರಡೂ ಒಂದೇ ಆಗಿರುವುದರಿಂದ ಇಲ್ಲಿ ಸರಾಸರಿ ಬರೆಯಲು ಅಡ್ಡಿಯಿಲ್ಲ. ಮಾನಕ ವಿಚಲನೆಯನ್ನು ಒಮ್ಮೆಯಾದರೂ ಕೈಯಲ್ಲೇ ಮಾಡಬೇಕೆಂದು ಮೇಡಂ ಹಠ ಹಿಡಿದರು. ಪ್ರತಿಯೊಬ್ಬರ ಅಂಕವು 9ರಿಂದ ಎಷ್ಟು ದೂರ ಇದೆ ಎಂದು ಬರೆದೆ: -1, 2, -3, 4, 0, -2, 3, 1, -4, 0. ಇವುಗಳನ್ನು ಹಾಗೆಯೇ ಕೂಡಿಸಿದರೆ ಸೊನ್ನೆ ಬರುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಿಸಬೇಕು, ಮೊತ್ತ 60. ಇದನ್ನು ಹತ್ತರಿಂದಲ್ಲ, ಒಂಬತ್ತರಿಂದ ಭಾಗಿಸಬೇಕು. ದೂರಗಳೆಲ್ಲ ಸೇರಿ ಸೊನ್ನೆಯಾಗಲೇಬೇಕಾದ್ದರಿಂದ ಒಂಬತ್ತು ಗೊತ್ತಾದರೆ ಹತ್ತನೆಯದು ತಾನಾಗಿಯೇ ಗೊತ್ತಾಗುತ್ತದೆ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳು ಒಂಬತ್ತೇ. 60ನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.58. ಸರಾಸರಿಯಿಂದ ಅಷ್ಟು ಕೆಳಗೆ ಮತ್ತು ಅಷ್ಟು ಮೇಲೆ ಹೋದರೆ 6.42ರಿಂದ 11.58, ನನ್ನ ಹತ್ತು ಜನರಲ್ಲಿ ಆರು ಜನ ಈ ನಡುವೆ ಇದ್ದಾರೆ. ಗಂಟೆಯಾಕಾರದಲ್ಲಿ ಹರಡಿದ ದೊಡ್ಡ ಗುಂಪಿನಲ್ಲಿ ನೂರಕ್ಕೆ ಸುಮಾರು 68 ಜನ ಹೀಗೆ ಸರಾಸರಿಯ ಎರಡೂ ಬದಿಯ ಒಂದು ಮಾನಕ ವಿಚಲನೆಯೊಳಗೆ ಇರುತ್ತಾರೆ.

ಎಕ್ಸೆಲ್‌ನಲ್ಲಿ ನಾನು ಬಳಸಿದ ಸೂತ್ರಗಳು ಇಷ್ಟೇ. ಬಿ ಕಾಲಂನಲ್ಲಿ ಕಲಿಸುವ ಮೊದಲಿನ ಅಂಕ, ಸಿ ಕಾಲಂನಲ್ಲಿ ಕಲಿಸಿದ ನಂತರದ ಅಂಕ ಇದ್ದವು.

```
=AVERAGE(B2:B11)
=MEDIAN(B2:B11)
=STDEV.S(B2:B11)
=T.TEST(B2:B11,C2:C11,2,1)
```

ಮೂರನೆಯ ಸಾಲಿನಲ್ಲಿ STDEV.S ಎಂದೇ ಇರಬೇಕು. STDEV.P ಬಳಸಿದರೆ ಅದು ಹತ್ತರಿಂದ ಭಾಗಿಸಿ 2.45 ಕೊಡುತ್ತದೆ, ಅದು ನಾವು ನೋಡಿದ ಜನರೇ ಇಡೀ ಸಮುದಾಯವಾಗಿದ್ದಾಗ ಬಳಸುವಂಥದ್ದು. ನಾಲ್ಕನೆಯ ಸಾಲಿನ ಕೊನೆಯಲ್ಲಿರುವ 2 ಎಂಬುದು ಅಂಕ ಏರಿದರೂ ಇಳಿದರೂ ಎರಡನ್ನೂ ಲೆಕ್ಕಕ್ಕೆ ಹಿಡಿ ಎಂಬ ಸೂಚನೆ. ಅದರ ಮುಂದಿನ 1 ಎಂಬುದು ಎರಡೂ ಕಾಲಂಗಳ ಒಂದೊಂದು ಸಾಲೂ ಒಬ್ಬನೇ ರೋಗಿಯದು, ಜೋಡಿಯಾಗಿ ನೋಡು ಎಂಬ ಸೂಚನೆ. ಈ ಕೊನೆಯ ಅಂಕಿಯ ಬಗ್ಗೆ ಮುಂದೆ ಹೇಳಲೇಬೇಕಾದದ್ದಿದೆ.

ಕಲಿಸಿದ ನಂತರದ ಸರಾಸರಿ 11, ಮಾನಕ ವಿಚಲನೆ 3.09. ಒಂಬತ್ತರಿಂದ ಹನ್ನೊಂದಕ್ಕೆ ಏರಿದೆಯೆಂದು ಸಂತೋಷವಾಯಿತು. ಆದರೆ ನಾಲ್ಕನೆಯ ಸೂತ್ರ ಕೊಟ್ಟ ಪಿ ಮೌಲ್ಯ ಸುಮಾರು 0.16. ನನ್ನ ಬಳಿ ಇದ್ದ ಪಠ್ಯದ ಪ್ರಕಾರ 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಗಣನೀಯ. ಆ ರಾತ್ರಿ ನಾನು ಹಾಸ್ಟೆಲಿನ ಮೆಸ್ಸಿಗೂ ಹೋಗಲಿಲ್ಲ. ರೋಗಿಗಳು ಕಲಿತದ್ದನ್ನು ಕಣ್ಣಾರೆ ಕಂಡಿದ್ದೆ. ಲೆಕ್ಕ ಮಾತ್ರ ಅದು ಕಾಕತಾಳೀಯವಾಗಿರಬಹುದು ಎನ್ನುತ್ತಿತ್ತು. ಹೊರಗಿನ ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿದಾಗ ಇಡೀ ಪ್ರಬಂಧದ ವಿಶ್ಲೇಷಣೆಗೆ ಆರು ಸಾವಿರ ರೂಪಾಯಿ ಹೇಳಿದರು, ಫಲಿತಾಂಶಕ್ಕೆ ಎರಡು ವಾರ ಕಾಯಬೇಕೆಂದರು.

ಅದಕ್ಕೆ ಮೊದಲು ಧಾರವಾಡದವರಾದ, ಇಲ್ಲಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಪರಿಚಯದ ಅಕ್ಕನ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಅವರು ಸರಾಸರಿ, ಮಾನಕ ವಿಚಲನೆ ಯಾವುದನ್ನೂ ನೋಡಲಿಲ್ಲ. "ತಂಗೀ, ಡಿ ಕಾಲಂನ್ಯಾಗ ನಂತರದ ಅಂಕದಿಂದ ಮೊದಲಿನ ಅಂಕ ಕಳೆದು ತೋರಸು" ಅಂದರು. ಕಳೆದಾಗ ಬಂದದ್ದು ಇದು: -1, -4, 1, -3, 2, 6, 1, 3, 9, 6. ಅಕ್ಕ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, "ಹನ್ನೊಂದು ಅಂಕ ತಗೊಂಡಾಕಿ ಕಲಿಸಿದ ಮ್ಯಾಲೆ ಏಳಕ್ಕ ಇಳಿದಾಳಂದ್ರ ನಂಬ್ತಿಯೇನು? ಒಂಬತ್ತನೆಯವರು ಐದರಿಂದ ಹದಿನಾಲ್ಕಕ್ಕ ಜಿಗಿದಾರ. ನಿನ್ನ ಕೈಬರಹದ ಹಾಳಿ ತಂದೀಯೇನು?" ಎಂದು ಕೇಳಿದರು. ಅದೃಷ್ಟಕ್ಕೆ ಮೂಲ ಹಾಳೆಗಳು ಚೀಲದಲ್ಲೇ ಇದ್ದವು.

ತಾಳೆ ನೋಡಿದಾಗ ವಿಷಯ ತಿಳಿಯಿತು. ಟೈಪಿಂಗ್ ಅಂಗಡಿಯಲ್ಲಿ ನಂತರದ ಅಂಕಗಳ ಕಾಲಂ ಒಂದನ್ನೇ ಆರಿಸಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದರು. ಫೈಲಿನಲ್ಲಿ ಅದು 7, 7, 7, 10, 11, 13, 13, 13, 14, 15 ಎಂದು ಅಚ್ಚುಕಟ್ಟಾಗಿ ಕೂತಿತ್ತು. ಒಂದೇ ಕಾಲಂ ಆರಿಸಿ ಹೀಗೆ ಮಾಡಿದರೆ ಎಕ್ಸೆಲ್ ಒಂದು ಎಚ್ಚರಿಕೆ ತೋರಿಸಿ Expand the selection ಅಥವಾ Continue with the current selection ಎಂದು ಕೇಳುತ್ತದೆ. ಎರಡನೆಯದನ್ನು ಒತ್ತಿದ ಕ್ಷಣದಿಂದ ಒಬ್ಬ ರೋಗಿಯ ಅಂಕ ಇನ್ನೊಬ್ಬರ ಸಾಲಿಗೆ ಹೋಗುತ್ತದೆ. ಇದರ ಅಪಾಯವೆಂದರೆ, ಅಂಕಿಗಳು ಅವೇ ಇರುವುದರಿಂದ ಸರಾಸರಿ 11 ಆಗಿಯೇ ಉಳಿಯುತ್ತದೆ, ಮಾನಕ ವಿಚಲನೆಯೂ 3.09 ಆಗಿಯೇ ಉಳಿಯುತ್ತದೆ, ಮಧ್ಯಾಂಕವೂ ಬದಲಾಗುವುದಿಲ್ಲ. ಕೋಷ್ಟಕವನ್ನು ಎಷ್ಟು ಸಲ ಪರಿಶೀಲಿಸಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವ್ಯತ್ಯಾಸದ ಕಾಲಂ ಒಂದೇ ನಿಜ ಹೇಳುತ್ತದೆ.

ಮೂಲ ಹಾಳೆಯಂತೆ ನಂತರದ ಅಂಕಗಳು 10, 14, 7, 15, 13, 7, 13, 13, 7, 11. ಆಗ ಹತ್ತು ವ್ಯತ್ಯಾಸಗಳು 2, 3, 1, 2, 4, 0, 1, 3, 2, 2. ಒಬ್ಬರೂ ಹಿಂದೆ ಬಿದ್ದಿಲ್ಲ. ಒಬ್ಬರು ಇದ್ದಲ್ಲಿಯೇ ಇದ್ದಾರೆ. ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಮುಂದೆ ಬಂದಿದ್ದಾರೆ. ವ್ಯತ್ಯಾಸಗಳ ಸರಾಸರಿ 2. ಹಿಂದಿನಂತೆಯೇ ದೂರ, ವರ್ಗ, ಮೊತ್ತ ಮಾಡಿದರೆ ಮೊತ್ತ 12, ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ ವ್ಯತ್ಯಾಸಗಳ ಮಾನಕ ವಿಚಲನೆ 1.15. ಕಲಸಿಹೋದ ಫೈಲಿನಲ್ಲಿ ಇದೇ ಅಂಕಿ 4.14 ಇತ್ತು. ಜೋಡಿ ಟಿ ಪರೀಕ್ಷೆ ನೋಡುವುದು ಈ ವ್ಯತ್ಯಾಸಗಳನ್ನು ಮಾತ್ರ. ಅವುಗಳ ಮಾನಕ ವಿಚಲನೆಯನ್ನು ರೋಗಿಗಳ ಸಂಖ್ಯೆಯ ವರ್ಗಮೂಲದಿಂದ, ಅಂದರೆ 3.16ರಿಂದ, ಭಾಗಿಸಿದರೆ 0.365 ಬರುತ್ತದೆ, ಇದಕ್ಕೆ ಮಾನಕ ದೋಷ ಎನ್ನುತ್ತಾರೆ. ಸರಾಸರಿ ವ್ಯತ್ಯಾಸ 2ನ್ನು 0.365ರಿಂದ ಭಾಗಿಸಿದರೆ ಟಿ ಮೌಲ್ಯ 5.48. ಇದರ ಪಿ ಮೌಲ್ಯ ಸುಮಾರು 0.0004. ಅದೇ ಹತ್ತು ಜನ, ಅವೇ ಇಪ್ಪತ್ತು ಅಂಕಗಳು. ಸಾಲುಗಳು ಸರಿಯಾಗಿ ಕೂತದ್ದಷ್ಟೇ ವ್ಯತ್ಯಾಸ.

ಅಕ್ಕ ಆಗ ಇನ್ನೊಂದು ಲೆಕ್ಕವನ್ನೂ ಮಾಡಿ ತೋರಿಸಿದರು. ಸರಿಯಾದ ಫೈಲಿನಲ್ಲಿಯೇ ಸೂತ್ರದ ಕೊನೆಯ 1ನ್ನು 2 ಮಾಡಿದರೆ ಎಕ್ಸೆಲ್ ಇವರನ್ನು ಬೇರೆಬೇರೆ ಜನರ ಎರಡು ಗುಂಪುಗಳೆಂದು ತಿಳಿಯುತ್ತದೆ. ಆಗ ಬರುವ ಪಿ ಮೌಲ್ಯ ಸುಮಾರು 0.13. ರೋಗಿ ರೋಗಿಯ ನಡುವೆ ಮೊದಲೇ ಇರುವ ಅಂತರ, ಅಂದರೆ ಒಬ್ಬರು 5 ಇನ್ನೊಬ್ಬರು 13 ಅಂಕದಲ್ಲಿ ಶುರುಮಾಡಿದ್ದು, ಜೋಡಿ ಮಾಡಿದಾಗ ಕಳೆದುಹೋಗುತ್ತದೆ; ಗುಂಪು ಮಾಡಿದಾಗ ಅದರ ಅಡಿಯಲ್ಲಿ ಎರಡು ಅಂಕದ ಏರಿಕೆ ಮುಚ್ಚಿಹೋಗುತ್ತದೆ. ಹಣ ಕೊಟ್ಟು ವಿಶ್ಲೇಷಣೆ ಮಾಡಿಸುವವರು ಮೊದಲ ಭೇಟಿಯಲ್ಲಿಯೇ "ಒಬ್ಬರೇ ರೋಗಿಗಳನ್ನು ಎರಡು ಸಲ ನೋಡಿದ್ದೇನೆ" ಎಂದು ಬರೆದುಕೊಡಬೇಕು. ಕೋಡ್ ಸಂಖ್ಯೆ ಎರಡೂ ಹಾಳೆಗಳಲ್ಲಿ ಇರಬೇಕು. ಜೋಡಿ ಪರೀಕ್ಷೆಯ ಈ ವಿಧಾನ ಬೆಳೆದು ಬಂದ ಬಗೆಯೂ ನಮ್ಮ ವೃತ್ತಿಗೆ ಹತ್ತಿರದ್ದು ಎಂಬುದು ಅಕ್ಕನಿಂದಲೇ ತಿಳಿಯಿತು. ಡಬ್ಲಿನ್ನಿನ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬವರು "ಸ್ಟೂಡೆಂಟ್" ಎಂಬ ಹೆಸರಿನಲ್ಲಿ 1908ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು, ನಿದ್ದೆಯ ಔಷಧಿ ಕೊಟ್ಟಾಗ ಹತ್ತು ರೋಗಿಗಳು ಎಷ್ಟು ಗಂಟೆ ಹೆಚ್ಚು ಮಲಗಿದರು ಎಂಬ ಅಂಕಿಗಳನ್ನು.

ಒಂದು ಮಿತಿಯನ್ನು ಹೇಳಬೇಕು. ಹತ್ತೇ ಜನರಿದ್ದಾಗ ಟಿ ಪರೀಕ್ಷೆ ನಂಬಲರ್ಹವಾಗಬೇಕಾದರೆ ವ್ಯತ್ಯಾಸಗಳು ತೀರ ವಾಲಿರಬಾರದು. ನನ್ನವು 0ರಿಂದ 4ರವರೆಗೆ ಎರಡರ ಸುತ್ತ ಸಮನಾಗಿ ಹರಡಿದ್ದವು. ಮಧುಮೇಹದ ವರ್ಷಗಳಂತೆ ಒಂದು ಅಂಕಿ ದೂರ ನಿಂತಿದ್ದರೆ, ವ್ಯತ್ಯಾಸಗಳ ಬದಲು ಅವುಗಳ ಏರಿಕೆಯ ಕ್ರಮಾಂಕಗಳನ್ನು ಬಳಸುವ ವಿಲ್ಕಾಕ್ಸನ್ ಪರೀಕ್ಷೆ ಬಳಸಬೇಕಾಗುತ್ತಿತ್ತು.

ಈಗ ಆ 0.0004 ಏನು ಹೇಳುತ್ತದೆ ಎಂಬ ಪ್ರಶ್ನೆ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಇದನ್ನು "ಬೋಧನೆ ನಿಷ್ಫಲವಾಗಿರುವ ಸಾಧ್ಯತೆ ಹತ್ತು ಸಾವಿರಕ್ಕೆ ನಾಲ್ಕು" ಎಂದು ಓದುತ್ತಿದ್ದರು. ಅದು ಹಾಗಲ್ಲ. ಬೋಧನೆಯಿಂದ ಏನೂ ಬದಲಾವಣೆ ಆಗುವುದಿಲ್ಲವೆಂದು ಮೊದಲು ಒಪ್ಪಿಕೊಳ್ಳಬೇಕು. ಇದೇ ಶೂನ್ಯ ಊಹೆ. ಆ ಊಹೆ ನಿಜವಾಗಿದ್ದಾಗಲೂ ಹತ್ತು ಜನರಲ್ಲಿ ಸರಾಸರಿ ಎರಡು ಅಂಕದಷ್ಟು ಸ್ಪಷ್ಟವಾದ ಅಥವಾ ಅದಕ್ಕಿಂತಲೂ ಸ್ಪಷ್ಟವಾದ ಅಂತರ ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಹತ್ತು ಸಾವಿರಕ್ಕೆ ನಾಲ್ಕು. ಲೆಕ್ಕವು ಶೂನ್ಯ ಊಹೆಯನ್ನು ನಿಜವೆಂದು ಹಿಡಿದೇ ಶುರುವಾಗುತ್ತದೆ. ಆದ್ದರಿಂದ ಅದು ನಿಜವೋ ಸುಳ್ಳೋ ಎಂಬುದರ ಸಾಧ್ಯತೆಯನ್ನು ಅದೇ ಲೆಕ್ಕ ಹೇಳಲಾರದು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರ ತನ್ನ ಹೇಳಿಕೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದೆ. 0.05 ಎಂಬ ಗಡಿಯೂ ಪ್ರಕೃತಿಯ ನಿಯಮವಲ್ಲ. ರೊನಾಲ್ಡ್ ಫಿಶರ್ 1925ರಲ್ಲಿ ಅದನ್ನು ಅನುಕೂಲದ ಅಳತೆಯಾಗಿ ಮುಂದಿಟ್ಟರು. 0.049 ಬಂದವರು ಗೆದ್ದಂತೆಯೂ 0.051 ಬಂದವರು ಸೋತಂತೆಯೂ ಬರೆಯುವುದು ಸರಿಯಲ್ಲ.

ಮುಖ್ಯ ಅಧ್ಯಯನದ ವಿಶ್ಲೇಷಣೆಯನ್ನು ಕಾಲೇಜಿನ ಕಂಪ್ಯೂಟರಿನ ಎಸ್‌ಪಿಎಸ್‌ಎಸ್‌ನಲ್ಲಿ ಮಾಡಿದೆ. ಅಲ್ಲಿ ಪಿ ಮೌಲ್ಯದ ಜಾಗದಲ್ಲಿ .000 ಎಂದು ಕಾಣಿಸಿತು. ಪಿ ಮೌಲ್ಯ ನಿಜವಾಗಿ ಸೊನ್ನೆಯಾಗಿರುವುದಿಲ್ಲ. ಪರದೆ ಮೂರು ದಶಾಂಶಗಳನ್ನಷ್ಟೇ ತೋರಿಸಿರುತ್ತದೆ. ಪ್ರಬಂಧದಲ್ಲಿ p < 0.001 ಎಂದು ಬರೆಯಬೇಕು. "p = 0.000" ಎಂದು ಬರೆದ ಕಾರಣಕ್ಕೆ ಕೋಷ್ಟಕಗಳನ್ನು ಮತ್ತೆ ಮುದ್ರಿಸಿ, ಮತ್ತೆ ಬೈಂಡಿಂಗ್ ಮಾಡಿಸಿದವರನ್ನು ನೋಡಿದ್ದೇನೆ, ಹಲವು ಪ್ರತಿಗಳ ಗಟ್ಟಿ ಬೈಂಡಿಂಗ್ ಸಣ್ಣ ಖರ್ಚಲ್ಲ. ಹಾಗೆಯೇ ಕೋಷ್ಟಕದಲ್ಲಿ 9 ± 2.58 ಎಂದು ಬರೆದಾಗ ಆ ± ಚಿಹ್ನೆಯ ಮುಂದಿರುವುದು ಮಾನಕ ವಿಚಲನೆಯೋ ಮಾನಕ ದೋಷವೋ ಎಂದು ತಲೆಬರಹದಲ್ಲಿ ಹೇಳಿರಬೇಕು. ಮೊದಲನೆಯದು ರೋಗಿಗಳು ಒಬ್ಬರಿಂದೊಬ್ಬರು ಎಷ್ಟು ಭಿನ್ನ ಎಂದು ಹೇಳುತ್ತದೆ. ಎರಡನೆಯದು ನಮ್ಮ ಸರಾಸರಿ ಎಷ್ಟು ನಿಖರ ಎಂದು ಹೇಳುತ್ತದೆ, ಮತ್ತು ಅದು ಯಾವಾಗಲೂ ಚಿಕ್ಕದಾಗಿರುವುದರಿಂದ ಓದುವವರಿಗೆ ರೋಗಿಗಳೆಲ್ಲ ಒಂದೇ ಥರ ಇದ್ದಂತೆ ತೋರುತ್ತದೆ.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕಿ ಪೈಲಟ್ ಅಧ್ಯಾಯವನ್ನೇ ತೆರೆದು ಕೂತರು. "ಪಿ ಮೌಲ್ಯ ಇಷ್ಟು ಚಿಕ್ಕದಾಗಿದೆ, ಬೋಧನೆಯ ಪರಿಣಾಮ ತುಂಬ ದೊಡ್ಡದು ಅನ್ನಬಹುದೇ?" ಎಂದು ಕೇಳಿದರು. ಪಿ ಮೌಲ್ಯ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ, ಗಾತ್ರಕ್ಕೆ ಅಂಕಗಳ ವ್ಯತ್ಯಾಸವನ್ನೇ ನೋಡಬೇಕು ಎಂದು ಉತ್ತರಿಸಿದೆ. ವ್ಯತ್ಯಾಸ ಇಪ್ಪತ್ತಕ್ಕೆ ಎರಡು ಅಂಕ. ನಿಜವಾದ ಸರಾಸರಿ ಏರಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಅಂದಾಜಿಸುವ 95 ಶೇಕಡಾ ವಿಶ್ವಾಸಾಂತರ 1.2ರಿಂದ 2.8. ಅಂದರೆ ಏರಿಕೆ ಇದೆಯೆಂಬುದಕ್ಕೆ ಒಳ್ಳೆಯ ಆಧಾರವಿದೆ, ಆದರೆ ಅದು ಮೂರು ಅಂಕಕ್ಕಿಂತಲೂ ಹೆಚ್ಚೆಂದು ಹೇಳಲು ಆಧಾರವಿಲ್ಲ. ಕಲಿತ ಮೇಲೂ ಸರಾಸರಿ ರೋಗಿ ಇಪ್ಪತ್ತರಲ್ಲಿ ಒಂಬತ್ತು ಹಂತಗಳನ್ನು ಸರಿಯಾಗಿ ಮಾಡುತ್ತಿಲ್ಲ.

ಅವರು ಅಲ್ಲಿಗೆ ಬಿಡಲಿಲ್ಲ. ಆ ಎರಡು ಅಂಕ ಯಾವ ಹಂತಗಳಿಂದ ಬಂತು ಎಂದರು. ಮೇಡಂ ಒತ್ತಾಯಿಸಿ ಮಾಡಿಸಿದ್ದ ಹಂತವಾರು ಪಟ್ಟಿ ಅನುಬಂಧದಲ್ಲಿತ್ತು. ಹತ್ತು ಎಣಿಸಿ ಸೂಜಿ ತೆಗೆಯುವ ಹಂತವನ್ನು ಮೊದಲು ಒಬ್ಬರು ಸರಿಯಾಗಿ ಮಾಡುತ್ತಿದ್ದರು, ನಂತರ ಎಂಟು ಜನ. ಕೈ ತೊಳೆಯುವ ಹಂತ ಐದರಿಂದ ಒಂಬತ್ತು ಜನಕ್ಕೆ ಏರಿತ್ತು. ಹತ್ತು ಜನ ಒಟ್ಟಾಗಿ ಗಳಿಸಿದ ಇಪ್ಪತ್ತು ಅಂಕಗಳಲ್ಲಿ ಹನ್ನೊಂದು ಈ ಎರಡೇ ಹಂತಗಳಿಂದ ಬಂದಿದ್ದವು. ಚುಚ್ಚುವ ಜಾಗ ಬದಲಿಸುವುದರಲ್ಲಿ ಮಾತ್ರ ಇಬ್ಬರಿದ್ದವರು ಮೂವರಾಗಿದ್ದರು. ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಚರ್ಮದಡಿಯ ಕೊಬ್ಬು ಗಂಟಾಗಿ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ರೋಗಿಯ ಸಕ್ಕರೆ ಏರುಪೇರಾಗಲು ಅದು ದೊಡ್ಡ ಕಾರಣ. ಒಟ್ಟು ಅಂಕದ ಸರಾಸರಿಯಾಗಲಿ ಅದರ ಪಿ ಮೌಲ್ಯವಾಗಲಿ ಈ ಕೊರತೆಯನ್ನು ತೋರಿಸಿರಲಿಲ್ಲ. ಪೈಲಟ್‌ನಲ್ಲಿ ಇದು ಕಂಡಿದ್ದರಿಂದಲೇ ಮುಖ್ಯ ಅಧ್ಯಯನದ ಫ್ಲಿಪ್ ಚಾರ್ಟಿಗೆ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಳಸುವ ಚಿತ್ರವನ್ನು ಸೇರಿಸಿದ್ದೆ.

ಕೊನೆಯ ಪ್ರಶ್ನೆ ಹೋಲಿಕೆಯ ಗುಂಪಿನ ಬಗ್ಗೆ. ನನ್ನ ಅಧ್ಯಯನದಲ್ಲಿ ಬೋಧನೆ ಪಡೆಯದ ಗುಂಪು ಇರಲಿಲ್ಲ. ಯಾರೋ ಒಬ್ಬರು ಪಟ್ಟಿ ಹಿಡಿದು ನೋಡುತ್ತಿದ್ದಾರೆಂದರೆ ರೋಗಿ ಹೆಚ್ಚು ಎಚ್ಚರ ವಹಿಸುತ್ತಾನೆ. ಎರಡನೆಯ ಸಲ ಅದೇ ಪರೀಕ್ಷೆಯಾದಾಗ ಅಭ್ಯಾಸದಿಂದಲೂ ಅಂಕ ಏರಬಹುದು. ನಡುವಿನ ವಾರದಲ್ಲಿ ಒಪಿಡಿಯ ಸಿಸ್ಟರ್ ಹೇಳಿಕೊಟ್ಟಿರಲೂಬಹುದು. ಪಿ ಮೌಲ್ಯವು ಆಕಸ್ಮಿಕವನ್ನು ಮಾತ್ರ ಅಳೆಯುತ್ತದೆ. ಈ ಕಾರಣಗಳಲ್ಲಿ ಒಂದನ್ನೂ ಅದು ತಳ್ಳಿಹಾಕುವುದಿಲ್ಲ. ಆದ್ದರಿಂದ ಪರೀಕ್ಷಕಿಯ ಸೂಚನೆಯಂತೆ ಫಲಿತಾಂಶದ ವಾಕ್ಯವನ್ನು "ಬೋಧನೆಯಿಂದ ಅಂಕ ಏರಿತು" ಎಂಬುದರ ಬದಲು ಹೀಗೆ ತಿದ್ದಿ ಸಲ್ಲಿಸಿದೆ: "ಬೋಧನೆಯ ಒಂದು ವಾರದ ನಂತರ ಹತ್ತು ರೋಗಿಗಳ ಸರಾಸರಿ ಅಂಕ 9ರಿಂದ (ಮಾನಕ ವಿಚಲನೆ 2.58) 11ಕ್ಕೆ (ಮಾನಕ ವಿಚಲನೆ 3.09) ಏರಿತ್ತು; ಸರಾಸರಿ ವ್ಯತ್ಯಾಸ 2, 95 ಶೇಕಡಾ ವಿಶ್ವಾಸಾಂತರ 1.2ರಿಂದ 2.8, ಜೋಡಿ ಟಿ ಪರೀಕ್ಷೆ, p < 0.001, ಹೋಲಿಕೆಯ ಗುಂಪು ಇಲ್ಲದ ಕಾರಣ ಈ ಏರಿಕೆಯನ್ನು ಬೋಧನೆಯೊಂದಕ್ಕೇ ಸಲ್ಲಿಸಲಾಗದು."